ನೋವು ಹೋಯಿತು, ಉಸಿರೂ ಇಳಿಯಿತು: ಮೂರು ತಿಂಗಳಿಂದ ಮಾರ್ಫಿನ್ ತಗೊಳ್ಳುತ್ತಿದ್ದವರಿಗೆ ಹೀಗೇಕಾಯಿತು?

ಕರಾವಳಿ ಸಿಸ್ಟರ್ · ಸೋಮವಾರ, ರಾತ್ರಿ 9:40

ನಾನು ಕರಾವಳಿಯ ಒಂದು ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಹನ್ನೊಂದು ವರ್ಷವಾಯಿತು. ಹೋದ ವಾರ ನಡೆದದ್ದು ತಲೆಯಿಂದ ಹೋಗುತ್ತಲೇ ಇಲ್ಲ.

ಐವತ್ತೆಂಟು ವರ್ಷದವರು. ಪ್ಯಾಂಕ್ರಿಯಾಸ್ ಕ್ಯಾನ್ಸರ್, ಹೊಟ್ಟೆಯಿಂದ ಬೆನ್ನಿಗೆ ಹಾಯುವ ನೋವು. ಮೂರು ತಿಂಗಳಿಂದ ಮಾರ್ಫಿನ್ ಮಾತ್ರೆ, ನಾಲ್ಕು ಗಂಟೆಗೊಮ್ಮೆ 30 ಮಿ.ಗ್ರಾಂ. ರಾತ್ರಿ ಎರಡಕ್ಕೆ ಎಬ್ಬಿಸಬಾರದು ಅಂತ ಹತ್ತು ಗಂಟೆಯ ಡೋಸ್ ಮಾತ್ರ 60. ಒಟ್ಟು ದಿನಕ್ಕೆ 180. ಅಷ್ಟು ತಗೊಂಡೂ ಪೇಪರ್ ಓದುತ್ತಿದ್ದರು, ಮಗಳಿಗೆ ಫೋನ್ ಮಾಡುತ್ತಿದ್ದರು. ಆದರೆ ನೋವು ಹತ್ತಕ್ಕೆ ಎಂಟು.

ಮಂಗಳವಾರ ಬೆಳಿಗ್ಗೆ ಸೀಲಿಯಾಕ್ ಪ್ಲೆಕ್ಸಸ್ ಬ್ಲಾಕ್ ಮಾಡಿದರು, ಹೊಟ್ಟೆಯ ಹಿಂದಿನ ನರಗಳ ಗಂಟಿಗೆ ಆಲ್ಕೋಹಾಲ್ ಚುಚ್ಚಿ. ಸಂಜೆಗೆ ನೋವು ಒಂದಕ್ಕೆ ಇಳಿಯಿತು. ಅವರು ನನ್ನ ಕೈ ಹಿಡಿದು ಅತ್ತುಬಿಟ್ಟರು. ಚಾರ್ಟಿನಲ್ಲಿ ಮಾರ್ಫಿನ್ ಡೋಸ್ ಯಾರೂ ಬದಲಿಸಲಿಲ್ಲ. ನಾನೂ ಕೇಳಲಿಲ್ಲ.

ಬುಧವಾರ ರಾತ್ರಿ ಹನ್ನೆರಡಕ್ಕೆ ಆಕ್ಸಿಜನ್ ಮಟ್ಟ 91. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ, ಮೂಗಿಗೆ 3 ಲೀಟರ್ ಹಾಕಿ ಅಂದರು. 97ಕ್ಕೆ ಏರಿತು. ನೆಮ್ಮದಿಯಿಂದ 97 ಅಂತ ಬರೆದಿಟ್ಟೆ. ನಾಲ್ಕು ಹತ್ತಕ್ಕೆ ಮತ್ತೆ ಹೋದಾಗ ಮಾನಿಟರ್ ಇನ್ನೂ 97 ತೋರಿಸುತ್ತಿತ್ತು. ಮುಖ ಯಾಕೋ ಸರಿ ಕಾಣಲಿಲ್ಲ. ಎದೆ ಮೇಲೆ ಕೈ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. ಆರು ಉಸಿರು. ಕಣ್ಣಿನ ಪಾಪೆ ಗುಂಡುಸೂಜಿಯ ಮೊನೆಯಷ್ಟು. ಹೆಸರು ಕರೆದರೆ ಕಣ್ಣು ಬಿಟ್ಟು, ಮಾತು ಅರ್ಧಕ್ಕೇ ನಿಲ್ಲಿಸಿ ಮತ್ತೆ ಮುಚ್ಚಿದರು. ರಕ್ತದ ಗ್ಯಾಸ್ ನೋಡಿದಾಗ ಕಾರ್ಬನ್ ಡೈಆಕ್ಸೈಡ್ 78.

ಮಾರ್ಫಿನ್ ಕೆಲಸ ತಡೆಯುವ ನಲೋಕ್ಸೋನ್ ಕೊಟ್ಟೆವು, ಬದುಕಿದರು. ಆದರೆ ಮೂರು ತಿಂಗಳ ಮಾರ್ಫಿನ್‌ಗೆ ಮೈ ಒಗ್ಗಿತ್ತು ಅಲ್ವಾ? ಆ ಟಾಲರೆನ್ಸ್ ಎಲ್ಲಿ ಹೋಯಿತು? ನಮ್ಮ ಜೂನಿಯರ್ ಒಬ್ಬರು, ಮಾರ್ಫಿನ್ ಬದಲು ಅದೇ ಜಾತಿಯ ಬುಪ್ರೆನಾರ್ಫಿನ್ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ಅದು ಪಾರ್ಶಿಯಲ್ ಅಗೊನಿಸ್ಟ್ ಅಂತಾರೆ. ಹೌದಾ?

ಫಾರ್ಮ್‌ಡಿ ಕಿರಣ್ · ರಾತ್ರಿ 10:05

ಸಿಸ್ಟರ್, ಇದು ಸಿಂಪಲ್. ಮಾರ್ಫಿನ್ ಹೋಗಿ ಕೂರುವ ಮ್ಯೂ ರಿಸೆಪ್ಟರ್‌ನಲ್ಲಿ ಎರಡು ಬಗೆ. ಮ್ಯೂ 1 ನೋವಿಗೆ, ಮ್ಯೂ 2 ಉಸಿರಿಗೆ. ಟಾಲರೆನ್ಸ್ ಬಂದದ್ದು ಮ್ಯೂ 1ಕ್ಕೆ ಮಾತ್ರ, ಮ್ಯೂ 2 ಹಾಗೇ ಉಳಿದಿತ್ತು. ಬುಪ್ರೆನಾರ್ಫಿನ್‌ಗೆ ಸೀಲಿಂಗ್ ಇದೆ, ಎಷ್ಟು ಕೊಟ್ಟರೂ ಉಸಿರು ನಿಲ್ಲಲ್ಲ. ನಿಮ್ಮ ಜೂನಿಯರ್ ಹೇಳಿದ್ದು ಸರಿ.

ಅರಿವಳಿಕೆ ಡಾಕ್ಟರ್, ಶಿವಮೊಗ್ಗ · ರಾತ್ರಿ 11:20

ಕಿರಣ್, ಮ್ಯೂ 1, ಮ್ಯೂ 2 ನಾವೂ ಓದಿಕೊಂಡು ಪರೀಕ್ಷೆ ಬರೆದವರೇ. ಆದರೆ ಮ್ಯೂಗೆ ಇರುವುದು ಒಂದೇ ಜೀನ್. 1996ರಲ್ಲಿ ಫ್ರಾನ್ಸಿನಲ್ಲಿ ಆ ಜೀನ್ ತೆಗೆದ ಇಲಿಗಳನ್ನು ಬೆಳೆಸಿದರು. ಅವಕ್ಕೆ ಮಾರ್ಫಿನ್ ಕೊಟ್ಟರೆ ನೋವು ಕಡಿಮೆ ಆಗಲಿಲ್ಲ, ಚಟವೂ ಹತ್ತಲಿಲ್ಲ. ಅಂಥ ಇಲಿಗಳ ಉಸಿರನ್ನೂ ಮಾರ್ಫಿನ್ ತಗ್ಗಿಸುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ನೋವು ತೆಗೆಯುವುದೂ ಉಸಿರು ಇಳಿಸುವುದೂ ಒಂದೇ ರಿಸೆಪ್ಟರ್. ಬೇರೆಯಾಗುವುದು ಅದು ಕೂತಿರುವ ಜಾಗ.

ಸಿಸ್ಟರ್, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟಾಲರೆನ್ಸ್ ಎಲ್ಲೂ ಹೋಗಲಿಲ್ಲ. ಹೋದದ್ದು ನೋವು.

ಉಸಿರಿನ ತಾಳ ಹುಟ್ಟುವುದು ಮೆದುಳಿನ ಬುಡದಲ್ಲಿ, ಪ್ರಿ-ಬೋಟ್ಸಿಂಗರ್ ಅನ್ನುವ ಸಣ್ಣ ಗುಂಪು ಜೀವಕೋಶಗಳಲ್ಲಿ. ಅಲ್ಲಿ ಮ್ಯೂ ರಿಸೆಪ್ಟರ್ ಇವೆ. ಮಾರ್ಫಿನ್ ಬಂದು ಕೂತರೆ ಆ ಕೋಶದ ಪೊಟ್ಯಾಶಿಯಂ ಬಾಗಿಲು ತೆರೆದುಕೊಳ್ಳುತ್ತದೆ, ಪೊಟ್ಯಾಶಿಯಂ ಆಚೆ ಹೋಗಿ ಕೋಶ ಮಂಕಾಗುತ್ತದೆ. ಜೊತೆಗೆ ನರದ ತುದಿಯಲ್ಲಿ ಕ್ಯಾಲ್ಶಿಯಂ ಬಾಗಿಲು ಮುಚ್ಚುತ್ತದೆ, ಪಕ್ಕದ ಕೋಶಕ್ಕೆ ಸುದ್ದಿ ದಾಟುವುದಿಲ್ಲ. ತಾಳ ನಿಧಾನವಾಗುತ್ತದೆ. ಅದಕ್ಕೇ ಮೊದಲು ಇಳಿಯುವುದು ಉಸಿರಿನ ಸಂಖ್ಯೆ. ಸ್ವಲ್ಪ ಮೇಲೆ, ಪಾನ್ಸ್‌ನಲ್ಲಿ, ಇನ್ನೊಂದು ಗುಂಪು ಇದೆ. ಅದು ಮಂಕಾದರೆ ಒಂದು ಉಸಿರು ಮುಗಿದು ಮುಂದಿನದು ಶುರುವಾಗಲು ತಡವಾಗುತ್ತದೆ. ಇವೆರಡರಲ್ಲಿ ಯಾವುದರ ಪಾಲು ಜಾಸ್ತಿ ಅನ್ನುವ ವಾದ ಇನ್ನೂ ನಡೆಯುತ್ತಿದೆ.

ಆದರೆ ಈ ತಾಳಕ್ಕೆ ಹೊರಗಿನಿಂದಲೂ ತಳ್ಳುವವರು ಇದ್ದಾರೆ. ಒಂದು, ರಕ್ತದ ಕಾರ್ಬನ್ ಡೈಆಕ್ಸೈಡ್. ಆರೋಗ್ಯವಂತರಲ್ಲಿ ಅದು 1 ಮಿ.ಮೀ. ಏರಿದರೆ ನಿಮಿಷದ ಉಸಿರು ಸುಮಾರು 2ರಿಂದ 3 ಲೀಟರ್ ಹೆಚ್ಚುತ್ತದೆ. ಮಾರ್ಫಿನ್ ಇದನ್ನು ಮೊಂಡು ಮಾಡುತ್ತದೆ. ಎರಡು, ಎಚ್ಚರ. ಮೂರು, ನೋವು. ನಿಮ್ಮ ರೋಗಿಗೆ ಮೂರು ತಿಂಗಳು ನೋವೇ ಉಸಿರನ್ನು ತಳ್ಳುತ್ತಿತ್ತು. 180 ಮಿ.ಗ್ರಾಂ ಒಂದು ಕಡೆ ಎಳೆಯುತ್ತಿತ್ತು, ನೋವು ಇನ್ನೊಂದು ಕಡೆ. ಮಂಗಳವಾರ ಒಂದು ಕಡೆಯ ಹಗ್ಗ ಬಿಟ್ಟರು. ರಾತ್ರಿ ನಿದ್ದೆ ಬಂತು, ಎಚ್ಚರದ ತಳ್ಳುವಿಕೆಯೂ ಹೋಯಿತು.

ಟಾಲರೆನ್ಸ್ ಎಲ್ಲದಕ್ಕೂ ಒಂದೇ ವೇಗದಲ್ಲಿ ಬರುವುದಿಲ್ಲ ಅನ್ನುವುದೂ ನೆನಪಿರಲಿ. ನೋವಿನ ಪರಿಹಾರಕ್ಕೆ ಬೇಗ ಬರುತ್ತದೆ. ಉಸಿರಿಗೆ ನಿಧಾನ, ಅದೂ ಪೂರ್ತಿ ಅಲ್ಲ. ಪಾಪೆ ಕಿರಿದಾಗುವುದಕ್ಕೆ, ಮಲಬದ್ಧತೆಗೆ ಬರುವುದೇ ಇಲ್ಲ ಅನ್ನಬಹುದು.

ಒಂದು ವಿಷಯ ಮಾತ್ರ ಹೊಂದುತ್ತಿಲ್ಲ. ಬ್ಲಾಕ್ ಆದ ಮೊದಲ ರಾತ್ರಿ ಏನೂ ಆಗಲಿಲ್ಲ, ಎರಡನೇ ರಾತ್ರಿ ಆಯಿತು. ಅದೂ ಹತ್ತು ಗಂಟೆಯ ಡೋಸ್ ಆಗಿ ಆರು ತಾಸಿನ ಮೇಲೆ. ಈ ಮಾತ್ರೆಯ ಅಬ್ಬರ ಒಂದು ತಾಸಿಗೆ, ನಾಲ್ಕಕ್ಕೆ ಅದು ಇಳಿಯುತ್ತಿರಬೇಕು. ಅವರ ಮೂತ್ರ ಎಷ್ಟಿತ್ತು? ಕ್ರಿಯಾಟಿನಿನ್ ನೋಡಿದ್ದಿರಾ?

ಕರಾವಳಿ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 6:15

ಡಾಕ್ಟ್ರೇ, ಈಗಷ್ಟೇ ಫೈಲ್ ತೆಗೆದು ನೋಡಿದೆ. ಬ್ಲಾಕ್ ಆದಮೇಲೆ ಬುಧವಾರ ಇಡೀ ದಿನ ಭೇದಿ, ಏಳೆಂಟು ಸಲ. ನೀರು ಹೆಚ್ಚು ಕುಡಿಯಲಿಲ್ಲ. ಬಿಪಿಯೂ ಕಡಿಮೆ ಇತ್ತು. ಬುಧವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಮೂತ್ರ 250 ಎಂ.ಎಲ್. ಸೋಮವಾರ ಕ್ರಿಯಾಟಿನಿನ್ 1.1 ಇತ್ತು. ಗುರುವಾರ ಬೆಳಿಗ್ಗೆ 2.1.

ಅರಿವಳಿಕೆ ಡಾಕ್ಟರ್, ಶಿವಮೊಗ್ಗ · ಬೆಳಿಗ್ಗೆ 7:30

ಹಾಗಾದರೆ ಗಡಿಯಾರ ಹೊಂದಿತು.

ಆ ಬ್ಲಾಕ್ ಆದವರಿಗೆ ಭೇದಿ, ಬಿಪಿ ಇಳಿಯುವುದು ಅಪರೂಪವಲ್ಲ. ಕರುಳಿಗೆ ಹೋಗುವ ಸಿಂಪಥೆಟಿಕ್ ನರಗಳೂ ಅಲ್ಲೇ ಇವೆ. ನೀರು ಹೋಯಿತು, ಕಿಡ್ನಿ ಸೊರಗಿತು. ಲಿವರ್ ಮಾರ್ಫಿನ್ ಅನ್ನು ಬದಲಿಸಿ ಎಂ-6-ಗ್ಲುಕುರೊನೈಡ್ ಅನ್ನುವ ವಸ್ತು ಮಾಡುತ್ತದೆ. ಅದೂ ಮ್ಯೂ ಮೇಲೆ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಹೊರಗೆ ಹೋಗಬೇಕಾದದ್ದು ಕಿಡ್ನಿಯಿಂದ. ಕಿಡ್ನಿ ನಿಂತರೆ ಡೋಸ್ ಮೇಲೆ ಡೋಸ್ ಅದು ಗುಡ್ಡೆಯಾಗುತ್ತದೆ. ಮಾರ್ಫಿನ್ ಇಳಿದರೂ ಇದು ಇಳಿಯಲ್ಲ.

ಇನ್ನು ಆ 97. ಇದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಆದರೆ ಲೆಕ್ಕ ಒಮ್ಮೆ ನೋಡಿ. ಶ್ವಾಸಕೋಶದ ಗಾಳಿಚೀಲದಲ್ಲಿ ಎಷ್ಟು ಆಕ್ಸಿಜನ್ ಒತ್ತಡ ಇರುತ್ತದೆ ಅಂತ ಹೇಳುವ ಸೂತ್ರ ಇದು. FiO2 ಅಂದರೆ ಒಳಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ ಪಾಲು, PaCO2 ಅಂದರೆ ರಕ್ತದ ಕಾರ್ಬನ್ ಡೈಆಕ್ಸೈಡ್:

```
PAO2 = FiO2 × (760 − 47) − PaCO2 / 0.8
```

ಕಾರ್ಬನ್ ಡೈಆಕ್ಸೈಡ್ 78 ಇರುವವರು ಸಾದಾ ಗಾಳಿ, ಅಂದರೆ ಶೇ. 21 ಆಕ್ಸಿಜನ್, ಉಸಿರಾಡಿದರೆ 150ರಲ್ಲಿ 97 ಕಳೆದು ಸುಮಾರು 52 ಉಳಿಯುತ್ತದೆ. ಮಾನಿಟರ್ 85ರ ಆಸುಪಾಸು ಇಳಿದು ಕಿರುಚುತ್ತದೆ. ನೀವು 3 ಲೀಟರ್ ಹಾಕಿದಿರಿ, ಅಂದರೆ ಒಳಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ. 32. ಆಗ 228ರಲ್ಲಿ 97 ಕಳೆದು 130. ಮಾನಿಟರ್ 97 ಅನ್ನುತ್ತದೆ. ಉಸಿರು ನಿಮಿಷಕ್ಕೆ ಆರೇ. ಹನ್ನೆರಡು ಗಂಟೆಯ ಆ 91 ಉಸಿರು ಇಳಿಯುತ್ತಿರುವ ಸುದ್ದಿ. ಆಕ್ಸಿಜನ್ ಆ ಸುದ್ದಿಯನ್ನು ಮುಚ್ಚಿಹಾಕಿತು. ಆಕ್ಸಿಜನ್ ಕೊಟ್ಟದ್ದು ತಪ್ಪಲ್ಲ. ಕೊಟ್ಟ ಮೇಲೆ ಆ ನಂಬರ್ ಉಸಿರಿನ ಬಗ್ಗೆ ಏನೂ ಹೇಳುವುದಿಲ್ಲ, ಅಷ್ಟೇ.

ನಲೋಕ್ಸೋನ್ ಹೇಗೆ ಕೊಟ್ಟಿರಿ?

ಕರಾವಳಿ ಸಿಸ್ಟರ್ · ಬೆಳಿಗ್ಗೆ 7:52

400 ಮೈಕ್ರೋಗ್ರಾಂ ಆಂಪೂಲ್ ಒಂದನ್ನು 10 ಎಂ.ಎಲ್. ಸಿರಿಂಜಿನಲ್ಲಿ ತಗೊಂಡು 9 ಎಂ.ಎಲ್. ಸಲೈನ್ ಸೇರಿಸಿದೆವು. ಎರಡು ನಿಮಿಷಕ್ಕೊಮ್ಮೆ 1 ಎಂ.ಎಲ್. ಮೂರನೆಯದಕ್ಕೆ ಉಸಿರು 11 ಆಯಿತು, ಅಲ್ಲಿಗೆ ನಿಲ್ಲಿಸಿದೆವು. ಬಂದ ಡಾಕ್ಟರ್ ಹಳಬರು. ಪೂರ್ತಿ ಎಚ್ಚರ ಮಾಡುವುದು ನಮ್ಮ ಕೆಲಸವಲ್ಲ, ಉಸಿರಾಡಿದರೆ ಸಾಕು ಅಂದರು. ಐದು ಇಪ್ಪತ್ತಕ್ಕೆ ಮತ್ತೆ 7ಕ್ಕೆ ಇಳಿಯಿತು. ಆಮೇಲೆ ಐಸಿಯುಗೆ ಕಳಿಸಿ ಡ್ರಿಪ್‌ನಲ್ಲಿ ಹಾಕಿದರು. ಸಂಜೆವರೆಗೂ ಬೇಕಾಯಿತು.

ಅರಿವಳಿಕೆ ಡಾಕ್ಟರ್, ಶಿವಮೊಗ್ಗ · ಬೆಳಿಗ್ಗೆ 8:10

ಆ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸಿ. ಪೂರ್ತಿ ಆಂಪೂಲ್ ಒಮ್ಮೆಗೇ ತಳ್ಳಿದ್ದರೆ ಮೂರು ತಿಂಗಳು ಒಗ್ಗಿದ ಮೈಗೆ ಒಂದೇ ಏಟಿಗೆ ವಿದ್‌ಡ್ರಾವಲ್. ವಾಂತಿ, ಬೆವರು, ಬಿಪಿ ಆಕಾಶಕ್ಕೆ. ಮತ್ತೆ ಇಳಿದದ್ದೂ ಸಹಜ. ನಲೋಕ್ಸೋನ್ ಮುಕ್ಕಾಲು, ಒಂದು ತಾಸಿಗೆ ಕರಗುತ್ತದೆ. ಕಿಡ್ನಿ ಹೊರಹಾಕದೆ ಮೈಯಲ್ಲಿ ಉಳಿದದ್ದು ಅಷ್ಟು ಬೇಗ ಹೋಗಲ್ಲ.

ರಾಘು ತುಮಕೂರು · ಬೆಳಿಗ್ಗೆ 10:30

ಇದನ್ನು ಓದಿ ಕೈಕಾಲು ನಡುಗುತ್ತಿದೆ. ನಮ್ಮ ಅಮ್ಮನಿಗೆ ಮಾರ್ಫಿನ್ 10 ಮಿ.ಗ್ರಾಂ ನಾಲ್ಕು ಗಂಟೆಗೊಮ್ಮೆ ಕೊಡುತ್ತಿದ್ದೇವೆ. ಇವತ್ತೇ ನಿಲ್ಲಿಸಬೇಕಾ? ಚಟ ಹತ್ತುತ್ತದೆ ಅಂತ ಚಿಕ್ಕಪ್ಪ ಮೊದಲಿಂದಲೂ ಬೇಡ ಅನ್ನುತ್ತಿದ್ದರು.

ಕರಾವಳಿ ಸಿಸ್ಟರ್ · ಬೆಳಿಗ್ಗೆ 10:41

ರಾಘು ಅವರೇ, ದಯವಿಟ್ಟು ನಿಲ್ಲಿಸಬೇಡಿ. ನೋವಿಗೆ ತಕ್ಕಂತೆ, ಹೇಳಿದ ಹೊತ್ತಿಗೆ ಬಾಯಲ್ಲಿ ತಗೊಳ್ಳುವ ಮಾರ್ಫಿನ್‌ನಲ್ಲಿ ಹೀಗಾಗುವುದು ತೀರಾ ಅಪರೂಪ. ನಮ್ಮ ರೋಗಿಗೆ ನೋವು ಒಮ್ಮೆಗೇ ಹೋಯಿತು, ಕಿಡ್ನಿಯೂ ಕೆಟ್ಟಿತು, ಡೋಸ್ ಮಾತ್ರ ಹಾಗೇ ಇತ್ತು. ಅಮ್ಮ ಎಬ್ಬಿಸಿದರೆ ಎದ್ದು ಮಾತಾಡುತ್ತಾರಾ? ಮೂತ್ರ ಸರಿಯಾಗಿ ಹೋಗುತ್ತದಾ? ಹಗಲಲ್ಲಿ ಮಾತಾಡುತ್ತ ಮಾತಾಡುತ್ತಲೇ ತೂಕಡಿಸಲು ಶುರುಮಾಡಿದರೆ, ಇಲ್ಲವೇ ಮೂತ್ರ ಕಡಿಮೆಯಾದರೆ, ಮುಂದಿನ ಡೋಸಿಗೆ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ಹಾಸನದ ಮಗಳು · ಮಧ್ಯಾಹ್ನ 1:15

ನಮ್ಮಪ್ಪ ಡಯಾಲಿಸಿಸ್‌ನಲ್ಲಿದ್ದಾರೆ. ಬೆನ್ನುಮೂಳೆ ನೋವಿಗೆ ವಾರಕ್ಕೊಂದು ಬುಪ್ರೆನಾರ್ಫಿನ್ ಪ್ಯಾಚ್, 10ರದ್ದು. ಇಲ್ಲಿ ಪಾರ್ಶಿಯಲ್ ಅಂತ ಓದಿದೆ. ಹಾಗಾದರೆ ಅಪ್ಪನಿಗೆ ಅರ್ಧ ನೋವಷ್ಟೇ ಹೋಗುವುದಾ? ಕಿರಣ್ ಹೇಳಿದ ಹಾಗೆ ಅದರಿಂದ ಉಸಿರು ನಿಲ್ಲೋದೇ ಇಲ್ಲ ಅಂದರೆ ಸಮಾಧಾನ. ರಾತ್ರಿ ನಿದ್ದೆ ಬರಲ್ಲ ಅಂತ ಆಲ್ಪ್ರಜೋಲಮ್ ಕೂಡ ತಗೊಳ್ಳುತ್ತಾರೆ, ಅದು ಬೇರೆ ಡಾಕ್ಟರ್ ಬರೆದುಕೊಟ್ಟಿದ್ದು.

ಅರಿವಳಿಕೆ ಡಾಕ್ಟರ್, ಶಿವಮೊಗ್ಗ · ಮಧ್ಯಾಹ್ನ 2:00

ತಾಯಿ, ಆ ಕೊನೆಯ ಸಾಲು ಮುಖ್ಯ. ಆಲ್ಪ್ರಜೋಲಮ್ ವಿಷಯ ಪ್ಯಾಚ್ ಬರೆದ ಡಾಕ್ಟರಿಗೆ ಇವತ್ತೇ ತಿಳಿಸಿ. ಬಹಳ ದಿನದಿಂದ ತಗೊಳ್ಳುತ್ತಿದ್ದರೆ ನೀವೇ ದಿಢೀರ್ ನಿಲ್ಲಿಸಬೇಡಿ, ಅವರು ಇಳಿಸುವ ದಾರಿ ಹೇಳುತ್ತಾರೆ.

ಪಾರ್ಶಿಯಲ್ ಅಂದರೆ ಅರ್ಧ ನೋವು ಅಂತಲ್ಲ. ಕೆರೆಗೆ ನೂರು ತೂಬು ಇದೆ ಅಂದುಕೊಳ್ಳಿ. ಮಾರ್ಫಿನ್‌ಗಿಂತ ಬಲವಾದ ಫೆಂಟನಿಲ್ ಕೂತ ತೂಬು ಪೂರ್ತಿ ತೆರೆಯುತ್ತದೆ. ಬುಪ್ರೆನಾರ್ಫಿನ್ ಕೂತದ್ದು ಸ್ವಲ್ಪವೇ ತೆರೆಯುತ್ತದೆ, ಆದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನೋವಿನ ಗದ್ದೆಗೆ ಬೇಕಾಗುವ ನೀರು ಕಡಿಮೆ. ಎಲ್ಲಾ ತೂಬೂ ಸ್ವಲ್ಪ ಸ್ವಲ್ಪ ತೆರೆದರೆ ಸಾಕಾಗುತ್ತದೆ. ಉಸಿರು ಪೂರ್ತಿ ನಿಲ್ಲಬೇಕಾದರೆ ಪ್ರವಾಹವೇ ಬೇಕು, ಅಷ್ಟು ಇದರಿಂದ ಹರಿಯುವುದಿಲ್ಲ. 2005ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಆರೋಗ್ಯವಂತರ ಮೇಲೆ ಇದನ್ನು ನೋಡಿದರು. ಫೆಂಟನಿಲ್ ಹೆಚ್ಚಿಸುತ್ತ ಹೋದರೆ ಉಸಿರು ನಿಂತೇ ಹೋಗುತ್ತಿತ್ತು. ಬುಪ್ರೆನಾರ್ಫಿನ್‌ನಲ್ಲಿ ಉಸಿರು ಅರ್ಧದಷ್ಟಕ್ಕೆ ಇಳಿದು ಅಲ್ಲೇ ನಿಂತಿತು.

ಈ ಸೀಲಿಂಗ್ ಇರುವುದು ಬುಪ್ರೆನಾರ್ಫಿನ್ ಒಂದೇ ಇದ್ದಾಗ. ಆಲ್ಪ್ರಜೋಲಮ್ ಬೇರೆ ಬಾಗಿಲಿನಿಂದ ಬಂದು ಅದೇ ಉಸಿರಿನ ಕೋಶಗಳನ್ನು ಮಂಕು ಮಾಡುತ್ತದೆ. ಆ ಬಾಗಿಲಿಗೆ ಈ ಸೀಲಿಂಗ್ ಅನ್ವಯಿಸುವುದಿಲ್ಲ. 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಬುಪ್ರೆನಾರ್ಫಿನ್ ಜೊತೆ ಸತ್ತವರಲ್ಲಿ ಈ ಜಾತಿಯ ನಿದ್ದೆ ಮಾತ್ರೆಗಳೇ ಮತ್ತೆ ಮತ್ತೆ ಸಿಕ್ಕವು. ಕಿರಣ್, ಎಷ್ಟು ಕೊಟ್ಟರೂ ನಿಲ್ಲಲ್ಲ ಅನ್ನುವ ಮಾತು ಇಲ್ಲಿ ಅಪಾಯ.

ಅಪ್ಪನಿಗೆ ಈ ಪ್ಯಾಚ್ ಆರಿಸಿದ್ದು ಮಾತ್ರ ಒಳ್ಳೆಯ ಯೋಚನೆ. ಇದನ್ನು ಹೆಚ್ಚಾಗಿ ಲಿವರ್ ನೋಡಿಕೊಳ್ಳುತ್ತದೆ, ಕಿಡ್ನಿಗೆ ಕಾಯುವುದಿಲ್ಲ. ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಔಷಧ ಬೇಗ ಒಳಗೆ ಹೋಗುತ್ತದೆ.

ಫಾರ್ಮ್‌ಡಿ ಕಿರಣ್ · ಮಧ್ಯಾಹ್ನ 2:25

ಒಪ್ಪಿದೆ ಸರ್. ಮ್ಯೂ 1, ಮ್ಯೂ 2 ಇನ್ನೂ ನಮ್ಮ ನೋಟ್ಸ್‌ನಲ್ಲಿದೆ. ಆದರೆ ಒಂದೇ ಜೀನ್‌ನಿಂದ ಬೇರೆ ಬೇರೆ ತುಂಡು ಜೋಡಿಸಿ ಬೇರೆ ಬೇರೆ ಮ್ಯೂ ಆಗಬಹುದು ಅಲ್ವಾ? ಅದು ಪೂರ್ತಿ ಸುಳ್ಳೇನಲ್ಲ. ಇನ್ನೊಂದು, ಕಪ್ಪಾ ಅನ್ನುವ ಇನ್ನೊಂದು ರಿಸೆಪ್ಟರ್ ಮೇಲೆ ಕೆಲಸ ಮಾಡುವ ಪೆಂಟಾಜೋಸಿನ್ ಇದೆಯಲ್ಲ, ಅದು ಉಸಿರಿಗೆ ಅಷ್ಟು ಅಪಾಯ ಅಲ್ಲ ಅಂತಾರೆ. ಸಿಸ್ಟರ್ ಹೇಳಿದ ರೋಗಿಗೆ ಅದನ್ನೇ ಕೊಡಬಹುದಿತ್ತು.

ಕರಾವಳಿ ಸಿಸ್ಟರ್ · ಮಧ್ಯಾಹ್ನ 3:10

ಕಿರಣ್, ಪೆಂಟಾಜೋಸಿನ್ ಬಗ್ಗೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹಿಂದೆ ಬೇರೆ ಕಡೆ ಕೆಲಸ ಮಾಡುತ್ತಿದ್ದಾಗ ಮಾರ್ಫಿನ್ ಮೇಲಿದ್ದ ಅಜ್ಜಿಯೊಬ್ಬರಿಗೆ ಕಾಲು ಮುರಿದು ಬೇರೆ ವಾರ್ಡಿಗೆ ಹಾಕಿದ್ದರು. ಅಲ್ಲಿ ರೂಢಿಯಂತೆ ಅದೇ ಇಂಜೆಕ್ಷನ್ ಕೊಟ್ಟರು. ಅರ್ಧ ತಾಸಿಗೆ ಅಜ್ಜಿ ಬೆವೆತು, ನಡುಗಿ, ಇದ್ದ ನೋವು ಮೂರು ಪಟ್ಟು ಆಗಿ, ಗೋಡೆ ಮೇಲೆ ಯಾರೋ ನಿಂತಿದ್ದಾರೆ ಅಂತ ಕೂಗುತ್ತಿದ್ದರು. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಅರಿವಳಿಕೆ ಡಾಕ್ಟರ್, ಶಿವಮೊಗ್ಗ · ಮಧ್ಯಾಹ್ನ 3:40

ಅದೇ. ಪೆಂಟಾಜೋಸಿನ್ ಕಪ್ಪಾವನ್ನು ಚುರುಕು ಮಾಡುತ್ತದೆ, ಅದಕ್ಕೆ ಆ ಭಯದ ನೋಟಗಳು. ಮ್ಯೂ ಮೇಲೆ ಮಾತ್ರ ದುರ್ಬಲ, ಮಾರ್ಫಿನ್ ಕೂತ ಜಾಗ ಹಿಡಿದು ಅದರ ಕೆಲಸ ಕೆಡಿಸುತ್ತದೆ. ತುಂಡು ಜೋಡಣೆಯ ಮಾತು ನಿಜ ಕಿರಣ್, ಅಂಥ ರೂಪಗಳು ಇವೆ. ಆದರೆ ಒಂದು ರೂಪ ನೋವಿಗೆ, ಒಂದು ಉಸಿರಿಗೆ ಅಂತ ಯಾರೂ ಬೇರೆ ಮಾಡಿ ತೋರಿಸಿಲ್ಲ.

ಓಎಸ್‌ಟಿ ಕೌನ್ಸಿಲರ್, ಬೆಂಗಳೂರು · ಸಂಜೆ 6:20

ನಾನು ಚಟದ ಚಿಕಿತ್ಸೆಯ ಕಡೆಯವನು. ನಮ್ಮಲ್ಲಿ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆ ಕೆಳಗೆ ನಮ್ಮ ಕಣ್ಣೆದುರೇ ಕರಗಿಸಬೇಕು. ಸಿಸ್ಟರ್ ಅವರ ಜೂನಿಯರ್ ಮಾತಿಗೆ ಉತ್ತರ ನಮ್ಮ ಬೆಂಚಿನ ಮೇಲೆ ದಿನಾ ಕಾಣುತ್ತದೆ. ಮೈಯಲ್ಲಿ ಇನ್ನೂ ಹೆರಾಯಿನ್ ಇರುವಾಗಲೇ, ತಗೊಂಡು ತುಂಬಾ ಹೊತ್ತಾಯಿತು ಅಂತ ಸುಳ್ಳು ಹೇಳಿ ಮಾತ್ರೆ ತಗೊಂಡ ಹುಡುಗನಿಗೆ ಮುಕ್ಕಾಲು ತಾಸಿನಲ್ಲಿ ಮೂಗು ಸೋರಿ, ಹೊಟ್ಟೆ ಹಿಂಡಿ, ಮೈಯೆಲ್ಲ ಮುಳ್ಳೆದ್ದಿತು. ಡಾಕ್ಟರ್ ಹೇಳಿದ ತೂಬು ಇದೇ. ಪೂರ್ತಿ ತೆರೆದದ್ದನ್ನು ಕಿತ್ತು ಸ್ವಲ್ಪ ತೆರೆಯುವುದು ಬಂದು ಕೂತಿತು. ದಿನಕ್ಕೆ 180 ಮಾರ್ಫಿನ್ ಮೇಲಿದ್ದ ರೋಗಿಗೆ ಒಮ್ಮೆಗೇ ಕೊಟ್ಟಿದ್ದರೂ ಇದೇ ಆಗುತ್ತಿತ್ತು.

ಟಾಲರೆನ್ಸ್ ಬಗ್ಗೆ ನಮ್ಮ ದೊಡ್ಡ ಭಯ ಬೇರೆ. ತಗೊಳ್ಳುವುದು ನಿಂತರೆ ಅದು ಬೇಗ ಹೋಗುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಆರು ವಾರ ಜೈಲಿನಲ್ಲಿದ್ದ. ಹೊರಗೆ ಬಂದ ಮೊದಲ ಸಂಜೆ ಹಳೆಯ ಅಳತೆಯಲ್ಲೇ ತಗೊಂಡ. ಅವನ ತಮ್ಮ ಬಂದು ಹೇಳಿದಾಗ ನಮ್ಮ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಇನ್ನೂ ಜಾಗ ಖಾಲಿ ಇತ್ತು.

ಟೊರೊಂಟೊ ಸುಮಾ · ರಾತ್ರಿ 11:50

ನಾನು ರಿಸೆಪ್ಟರ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಟಾಲರೆನ್ಸ್ ಮತ್ತು ಪಾರ್ಶಿಯಲ್ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಬಹುದು. ದಿನಾ ಮಾರ್ಫಿನ್ ಕೂತರೆ ಕೋಶ ಒಂದಷ್ಟು ರಿಸೆಪ್ಟರ್‌ಗಳನ್ನು ಕೆಲಸದಿಂದ ತೆಗೆದುಹಾಕುತ್ತದೆ. ಡಾಕ್ಟರ್ ಮಾತಿನಲ್ಲಿ, ಕೆಲವು ತೂಬು ಜಾಮ್. ಫೆಂಟನಿಲ್‌ನಂಥದ್ದಕ್ಕೆ ಉಳಿದ ತೂಬುಗಳೇ ಸಾಕು. ಮಾರ್ಫಿನ್ ಅಷ್ಟು ಬಲದ್ದಲ್ಲ, ಹಾಗಾಗಿ ಅದಕ್ಕೆ ಟಾಲರೆನ್ಸ್ ಬೇಗ ಕಾಣುತ್ತದೆ. ಉಸಿರಿನ ಕೋಶಗಳಲ್ಲಿ ಇದು ನಿಧಾನವಾಗಿ ಯಾಕೆ ಆಗುತ್ತದೆ ಅನ್ನುವುದಕ್ಕೆ ಒಪ್ಪುವ ಉತ್ತರ ಇನ್ನೂ ಇಲ್ಲ.

ಉಸಿರು ಬಿಟ್ಟು ನೋವು ಮಾತ್ರ ತೆಗೆಯುವ ಔಷಧದ ಆಸೆ ಹಳೆಯದು. ಅರೆಸ್ಟಿನ್ ಅನ್ನುವ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಮಾರ್ಫಿನ್ ಉಸಿರನ್ನು ಅಷ್ಟು ಇಳಿಸುವುದಿಲ್ಲ ಅಂತ 2005ರಲ್ಲಿ ಬಂತು. ಅದನ್ನು ನಂಬಿ ಅರೆಸ್ಟಿನ್ ತಂಟೆಗೆ ಹೆಚ್ಚು ಹೋಗದ ಹತ್ತಾರು ಅಣುಗಳನ್ನು ಮಾಡಿದರು. ಅದರಲ್ಲಿ ಆಲಿಸೆರಿಡಿನ್‌ಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಅದೇ ವರ್ಷ ಮೂರು ಲ್ಯಾಬ್‌ಗಳು ಆ ಇಲಿಗಳಲ್ಲಿ ಮತ್ತೆ ನೋಡಿದಾಗ ಉಸಿರು ಸರಿಯಾಗಿಯೇ ಇಳಿಯಿತು. ಈ ಹೊಸ ಅಣುಗಳು ಸ್ವಲ್ಪ ಸೇಫ್ ಕಂಡರೆ ಅದು ಅವು ಬರೀ ದುರ್ಬಲ ಪಾರ್ಶಿಯಲ್ ಅಗೊನಿಸ್ಟ್ ಆಗಿರುವುದರಿಂದ ಅಂತ ಕೆಲವರ ವಾದ. ನನಗೂ ಹಾಗೇ ಅನ್ನಿಸುತ್ತದೆ. ನಮ್ಮ ಗೈಡ್ ಒಪ್ಪುವುದಿಲ್ಲ.

ಕರಾವಳಿ ಸಿಸ್ಟರ್ · ಶನಿವಾರ, ರಾತ್ರಿ 8:30

ಅವರು ನಿನ್ನೆ ಮನೆಗೆ ಹೋದರು. ಕ್ರಿಯಾಟಿನಿನ್ 1.2. ಮಾರ್ಫಿನ್ ಪೂರ್ತಿ ನಿಲ್ಲಿಸಿದರೆ ವಿದ್‌ಡ್ರಾವಲ್ ಬರುತ್ತದೆ ಅಂತ, ಕಿಡ್ನಿ ಸುಧಾರಿಸಿದ ಮೇಲೆ 10 ಮಿ.ಗ್ರಾಂ ನಾಲ್ಕು ಗಂಟೆಗೊಮ್ಮೆ ಕೊಟ್ಟು ಕಳಿಸಿದ್ದಾರೆ, ಇನ್ನೂ ಇಳಿಸುತ್ತಾರಂತೆ. ನೋವು ಎರಡು.

ನಮ್ಮ ಚಾರ್ಟಿನಲ್ಲಿ ಎರಡು ಕಾಲಂ ಹೊಸದಾಗಿ ಗೀಚಿದ್ದೇವೆ. ಒಂದು, ಒಂದು ನಿಮಿಷ ಪೂರ್ತಿ ಎಣಿಸಿದ ಉಸಿರು. ಇನ್ನೊಂದು, ಕರೆದರೆ ಎಷ್ಟು ಎಚ್ಚರ. ಬ್ಲಾಕ್‌ಗೆ ಹೋಗುವವರ ಫೈಲಿನ ಮೇಲೆ, ವಾಪಸ್ ಬಂದಾಗ ಮಾರ್ಫಿನ್ ಡೋಸ್ ಮತ್ತೆ ಕೇಳಬೇಕು ಅಂತ ಕೆಂಪು ಚೀಟಿ.

ಡಾಕ್ಟ್ರೇ, ಒಂದು ಕೇಳಬೇಕಿತ್ತು. ಬ್ಲಾಕ್ ಆದ ದಿನವೇ ಎಷ್ಟು ಇಳಿಸಬೇಕು?

ಅರಿವಳಿಕೆ ಡಾಕ್ಟರ್, ಶಿವಮೊಗ್ಗ · ರಾತ್ರಿ 9:15

ನಾನು ಅದೇ ಸಂಜೆ ಅರ್ಧಕ್ಕೆ ಇಳಿಸುತ್ತೇನೆ. ನೋವು ಬಂದರೆ ಕೊಡಲು ಹೆಚ್ಚುವರಿ ಡೋಸ್ ಬರೆದಿಡುತ್ತೇನೆ. ಆಮೇಲೆ ದಿನಾ ನೋಡಿ ಇಳಿಸುತ್ತ ಹೋಗುವುದು. ಕಾಲು ಭಾಗ ಇಳಿಸಿದರೆ ಸಾಕು ಅನ್ನುವವರೂ ಇದ್ದಾರೆ, ಬ್ಲಾಕ್ ಹಿಡಿಯದಿದ್ದರೆ ರಾತ್ರಿ ನರಳುತ್ತಾರೆ ಅನ್ನುವುದು ಅವರ ಮಾತು. ಅದೂ ನಿಜವೇ. ಆದರೆ ಡಬಲ್ ಆಗಿ ಕೊಡುವ ಆ ಹತ್ತು ಗಂಟೆಯ ಡೋಸ್ ಇದೆಯಲ್ಲ, ಅದನ್ನು ಮಾತ್ರ ಬ್ಲಾಕ್ ಆದ ರಾತ್ರಿ ನಾನು ಯಾರಿಗೂ ಕೊಡುವುದಿಲ್ಲ. ಎರಡು ಗಂಟೆಗೆ ಎಬ್ಬಿಸಿದರೂ ಪರವಾಗಿಲ್ಲ. ಎಬ್ಬಿಸಿದಾಗ ಎದ್ದರೋ ಇಲ್ಲವೋ ಅನ್ನುವುದೂ ಆಗಲೇ ಗೊತ್ತಾಗುತ್ತದೆ.